ಅಳತೆಯಲ್ಲಿ i ಏಕೆ ಕಾಣಿಸುವುದಿಲ್ಲ?

1922ರ ಫೆಬ್ರುವರಿಯಲ್ಲಿ ವಾಲ್ಟರ್ ಗೆರ್ಲಾಖ್ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಕೋಪನ್‌ಹೇಗನ್‌ನಲ್ಲಿದ್ದ ನೀಲ್ಸ್ ಬೋರ್ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಕಳಿಸಿದರು. ಅದರ ಮೇಲೆ ಎರಡು ಚಿತ್ರಗಳಿದ್ದವು. ಒಂದರಲ್ಲಿ ಬೆಳ್ಳಿಯ ಒಂದೇ ಗೆರೆ, ಇನ್ನೊಂದರಲ್ಲಿ ಆ ಗೆರೆ ನಡುವೆ ಸೀಳಿ, ತುಟಿಗಳ ಹಾಗೆ ಎರಡಾಗಿ ತೆರೆದುಕೊಂಡಿತ್ತು. ಎರಡರ ನಡುವಿನ ಅಂತರ ಸುಮಾರು 0.2 ಮಿಲಿಮೀಟರ್.

ಪ್ರಯೋಗವನ್ನು ಯೋಚಿಸಿದವರು ಒಟ್ಟೊ ಸ್ಟರ್ನ್, ಮಾಡಿ ಮುಗಿಸಿದವರು ಗೆರ್ಲಾಖ್. ನಿರ್ವಾತದಲ್ಲಿಟ್ಟ ಪುಟ್ಟ ಕುಲುಮೆಯಲ್ಲಿ ಬೆಳ್ಳಿಯನ್ನು ಕಾಯಿಸಿದರೆ ಅದರ ಪರಮಾಣುಗಳು ಆವಿಯಾಗಿ ಹೊರಡುತ್ತವೆ. ಅವನ್ನು ಕಿರಿದಾದ ಸೀಳುಗಳ ಮೂಲಕ ಹಾಯಿಸಿ ತೆಳುವಾದ ಧಾರೆಯಾಗಿಸಿ, ಒಂದು ಕಡೆ ಬಲವಾಗಿಯೂ ಇನ್ನೊಂದು ಕಡೆ ದುರ್ಬಲವಾಗಿಯೂ ಇರುವ ಕಾಂತಕ್ಷೇತ್ರದ ಮೂಲಕ ಕಳಿಸಿದರು. ಪ್ರತಿ ಪರಮಾಣುವೂ ಒಂದು ಸಣ್ಣ ಆಯಸ್ಕಾಂತ. ಅದು ಯಾವ ದಿಕ್ಕಿಗೆ ತಿರುಗಿದೆ ಎಂಬುದರ ಮೇಲೆ ಅದು ಮೇಲಕ್ಕೋ ಕೆಳಕ್ಕೋ ಎಳೆಯಲ್ಪಡುತ್ತದೆ. ಕುಲುಮೆಯಿಂದ ಬರುವ ಪರಮಾಣುಗಳು ಎಲ್ಲ ದಿಕ್ಕುಗಳಿಗೂ ತಿರುಗಿರುವುದರಿಂದ, ಹಳೆಯ ಭೌತಶಾಸ್ತ್ರದ ಪ್ರಕಾರ ಫಲಕದ ಮೇಲೆ ಬೆಳ್ಳಿ ಒಂದು ಅಗಲವಾದ ಮಸುಕು ಪಟ್ಟಿಯಾಗಿ ಹರಡಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. ಎರಡು ಗೆರೆಗಳಷ್ಟೇ ಮೂಡಿದವು, ನಡುವೆ ಖಾಲಿ.

ಆ ಎರಡು ಗೆರೆಗಳ ಹಿಂದಿರುವ ಗುಣಕ್ಕೆ ಮುಂದೆ ಸ್ಪಿನ್ ಎಂಬ ಹೆಸರು ಬಂತು. ಯಾವುದೇ ಒಂದು ದಿಕ್ಕಿನಲ್ಲಿ ಅಳೆದಾಗ ಅದು ಎರಡೇ ಬೆಲೆಗಳನ್ನು ಕೊಡುತ್ತದೆ. ħ/2 ಎಂಬ ಅತಿ ಸಣ್ಣ ಪ್ರಮಾಣವನ್ನು ಏಕಮಾನವಾಗಿ ಹಿಡಿದರೆ ಆ ಬೆಲೆಗಳು +1 ಮತ್ತು −1. ಮೇಲಿನ ಗೆರೆಗೆ +1, ಕೆಳಗಿನದಕ್ಕೆ −1.

ಇವೆರಡೂ ಸಾಮಾನ್ಯ ವಾಸ್ತವ ಸಂಖ್ಯೆಗಳು. ಅಳತೆಯಿಂದ ಬರುವ ಸಂಖ್ಯೆ ವಾಸ್ತವವಾಗಿರುವುದರಲ್ಲಿ ಏನು ವಿಶೇಷ ಎನಿಸಬಹುದು. ಆದರೆ ಕ್ವಾಂಟಮ್ ಭೌತಶಾಸ್ತ್ರದ ಲೆಕ್ಕಗಳು i ಇಲ್ಲದೆ ನಡೆಯುವುದಿಲ್ಲ. i ಎಂದರೆ −1ರ ವರ್ಗಮೂಲ. ಯಾವ ತಕ್ಕಡಿಯೂ ಯಾವ ಮೀಟರೂ ತೋರಿಸದ ಸಂಖ್ಯೆ. ಲೆಕ್ಕದ ಪ್ರತಿ ಸಾಲಿನಲ್ಲೂ ಇರುವ ಈ i, ಕೊನೆಯ ಉತ್ತರದಲ್ಲಿ ಮಾತ್ರ ತಪ್ಪದೆ ಮಾಯವಾಗುತ್ತದೆ. ಇದು ಹೇಗೆ ಎಂಬುದಕ್ಕೆ ಪಠ್ಯಪುಸ್ತಕಗಳು ಕೊಡುವ ಉತ್ತರ ಒಂದು ಸಾಲಿನದು: ಅಳೆಯಬಹುದಾದ ಪ್ರತಿಯೊಂದು ರಾಶಿಯನ್ನೂ ಹರ್ಮಿಟಿಯನ್ ಆಪರೇಟರ್ ಪ್ರತಿನಿಧಿಸುತ್ತದೆ, ಅಂಥ ಆಪರೇಟರಿನ ಐಗನ್ ಮೌಲ್ಯಗಳು ವಾಸ್ತವ. ಬಹಳ ವಿದ್ಯಾರ್ಥಿಗಳು ಇದನ್ನು ಮೇಲಿನಿಂದ ಇಳಿದ ಕಟ್ಟಳೆಯೆಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ವಾಸ್ತವವಾಗಿ ಇದನ್ನು ಬೆಳ್ಳಿಯ ಧಾರೆಯಿಂದಲೇ, ಶಾಲೆಯ ಬೀಜಗಣಿತದ ಬಲದಲ್ಲಿ, ಹೊರಗೆಳೆಯಬಹುದು.

ಮೊದಲು i ಏಕೆ ಬೇಕು ಎಂಬುದನ್ನು ನೋಡಬೇಕು. ಮೇಲಿನ ಗೆರೆಗೆ ಹೋಗುವ ಪರಮಾಣುವಿನ ಸ್ಥಿತಿಯನ್ನು (1, 0) ಎಂಬ ಜೋಡಿಯಿಂದಲೂ, ಕೆಳಗಿನ ಗೆರೆಯದನ್ನು (0, 1) ಎಂಬುದರಿಂದಲೂ ಬರೆಯುತ್ತಾರೆ. ಉಳಿದ ಯಾವುದೇ ಸ್ಥಿತಿ (p, q) ಎಂಬ ಜೋಡಿ. ಆ ಪರಮಾಣು ಮೇಲಕ್ಕೆ ಹೋಗುವ ಸಂಭವನೀಯತೆ pಯ ಗಾತ್ರದ ವರ್ಗ, ಕೆಳಕ್ಕೆ ಹೋಗುವ ಸಂಭವನೀಯತೆ qದ ಗಾತ್ರದ ವರ್ಗ. ಎರಡನ್ನೂ ಕೂಡಿದರೆ 1 ಬರಬೇಕು. ಈಗ ಮೇಲಿನ ಗೆರೆಯ ಪರಮಾಣುಗಳನ್ನಷ್ಟೇ ಆರಿಸಿ, ಆಯಸ್ಕಾಂತವನ್ನು ಅಡ್ಡಕ್ಕೆ ಮಲಗಿಸಿ, ಅದರ ಮೂಲಕ ಕಳಿಸಿದರೆ ಅವು ಎಡಕ್ಕೂ ಬಲಕ್ಕೂ ಅರ್ಧರ್ಧ ಹಂಚಿಹೋಗುತ್ತವೆ. ಈ ಅಡ್ಡ ಸ್ಥಿತಿಗಳಿಗೆ (1, 1) ಮತ್ತು (1, −1) ಎಂಬ ಜೋಡಿಗಳು ಸಾಕು. ಎರಡನ್ನೂ √2ರಿಂದ ಭಾಗಿಸಿದರೆ ಸಂಭವನೀಯತೆಗಳು ಅರ್ಧರ್ಧ ಬರುತ್ತವೆ. ಮುಂದೆ ಆ ಭಾಗಾಕಾರವನ್ನು ಬರೆಯದೆ ಮನಸ್ಸಿನಲ್ಲಿಟ್ಟುಕೊಳ್ಳೋಣ.

ಆದರೆ ನಾವಿರುವ ಜಾಗಕ್ಕೆ ಮೂರು ಆಯಾಮಗಳಿವೆ. ಮೇಲೆ-ಕೆಳಗೆ, ಎಡ-ಬಲಗಳ ಜೊತೆಗೆ ಹಿಂದೆ-ಮುಂದೆ ಎಂಬ ಮೂರನೆಯ ದಿಕ್ಕೂ ಇದೆ. ಆ ದಿಕ್ಕಿನ ಎರಡು ಸ್ಥಿತಿಗಳು ಮೊದಲಿನ ಎರಡೂ ಬಗೆಯ ಅಳತೆಗಳಲ್ಲಿ ಅರ್ಧರ್ಧ ಹಂಚಿಹೋಗಬೇಕು. ಮೇಲೆ-ಕೆಳಗೆ ಅರ್ಧರ್ಧ ಆಗಬೇಕಾದರೆ ಜೋಡಿಯ ಎರಡೂ ಸಂಖ್ಯೆಗಳ ಗಾತ್ರ ಒಂದೇ ಆಗಿರಬೇಕು. ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಇರುವ ಆಯ್ಕೆಗಳು (1, 1) ಮತ್ತು (1, −1) ಮಾತ್ರ, ಅವೆರಡನ್ನೂ ಎಡ-ಬಲ ದಿಕ್ಕು ಆಗಲೇ ತೆಗೆದುಕೊಂಡಿದೆ. ಹೊಸ ಜೋಡಿಗೆ ಜಾಗವಿಲ್ಲ. i ಬಂದರೆ ಜಾಗವಾಗುತ್ತದೆ: (1, i) ಮತ್ತು (1, −i). iಯ ಗಾತ್ರ 1, ಆದ್ದರಿಂದ ಮೇಲೆ-ಕೆಳಗೆ ಅರ್ಧರ್ಧ. ಎಡ-ಬಲದ ಲೆಕ್ಕ ಹಾಕಿದರೂ ಅರ್ಧರ್ಧವೇ ಬರುತ್ತದೆ. ಹೀಗೆ i ಕ್ವಾಂಟಮ್ ಲೆಕ್ಕಕ್ಕೆ ಅಲಂಕಾರವಾಗಿ ಬಂದದ್ದಲ್ಲ. ಎರಡೇ ಗೆರೆ ಕೊಡುವ ಪರಮಾಣುವನ್ನು ಮೂರು ದಿಕ್ಕಿನ ಜಗತ್ತಿನಲ್ಲಿ ಕೂರಿಸಲು ಅದು ಬೇಕೇ ಬೇಕು.

ಇನ್ನು ಆಪರೇಟರ್. ಸ್ಥಿತಿಯನ್ನು ಎರಡು ಸಂಖ್ಯೆಗಳ ಜೋಡಿಯಿಂದ ಬರೆದಿರುವುದರಿಂದ ಇಲ್ಲಿ ಆಪರೇಟರ್ ಎಂದರೆ ನಾಲ್ಕು ಸಂಖ್ಯೆಗಳ ಚೌಕ, ಅಂದರೆ ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಮ್ಯಾಟ್ರಿಕ್ಸ್. ಅದು ಒಂದು ಜೋಡಿಯನ್ನು ತೆಗೆದುಕೊಂಡು ಇನ್ನೊಂದು ಜೋಡಿಯನ್ನು ಕೊಡುತ್ತದೆ. ಕೆಲವು ವಿಶೇಷ ಜೋಡಿಗಳ ಮೇಲೆ ಮಾತ್ರ ಅದು ದಿಕ್ಕು ಕೆಡಿಸದೆ, ಬರೀ ಒಂದು ಸಂಖ್ಯೆಯಿಂದ ಗುಣಿಸಿ ಬಿಡುತ್ತದೆ. ಅಂಥ ಜೋಡಿಗೆ ಐಗನ್ ಸ್ಥಿತಿ ಎಂದೂ ಆ ಸಂಖ್ಯೆಗೆ ಐಗನ್ ಮೌಲ್ಯ ಎಂದೂ ಹೆಸರು. ಭೌತಶಾಸ್ತ್ರದಲ್ಲಿ ಇದರ ಅರ್ಥ ಸರಳ: ಪರಮಾಣು ಆ ಸ್ಥಿತಿಯಲ್ಲಿದ್ದರೆ ಅಳತೆಯ ಫಲ ಖಚಿತ, ಆ ಫಲವೇ ಐಗನ್ ಮೌಲ್ಯ. ಹಿಂದೆ-ಮುಂದೆ ದಿಕ್ಕಿನ ಸ್ಪಿನ್‌ಗೆ ವೊಲ್ಫ್‌ಗಾಂಗ್ ಪೌಲಿ 1927ರಲ್ಲಿ ಕೊಟ್ಟ ಮ್ಯಾಟ್ರಿಕ್ಸ್ ಇದು:

```
0   -i
i    0
```

ಅಳೆಯುವ ಸಂಖ್ಯೆಗಳು +1 ಮತ್ತು −1, ಆದರೆ ಅವನ್ನು ಕೊಡಬೇಕಾದ ಚೌಕದಲ್ಲಿ ಇರುವುದು ಸೊನ್ನೆ ಮತ್ತು i ಮಾತ್ರ. ಐಗನ್ ಮೌಲ್ಯವನ್ನು λ ಎಂದು ಕರೆದರೆ, ಇಂಥ ಚೌಕದಲ್ಲಿ λದ ವರ್ಗವು ಎದುರುಬದುರಿನ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ ಸಮ. ಇಲ್ಲಿ ಅದು (−i) × i, ಅಂದರೆ 1. ಆದ್ದರಿಂದ λ ಎಂದರೆ +1 ಅಥವಾ −1. ಸ್ಟರ್ನ್ ಮತ್ತು ಗೆರ್ಲಾಖ್ ಅವರ ಎರಡು ಗೆರೆಗಳು ಸರಿಯಾಗಿ ಹೊರಬಿದ್ದವು.

ಈಗ ಒಂದು ಚಿಹ್ನೆಯನ್ನಷ್ಟೇ ಬದಲಿಸೋಣ. −i ಇದ್ದಲ್ಲಿ i ಹಾಕಿದರೆ λದ ವರ್ಗ i × i, ಅಂದರೆ −1. ಐಗನ್ ಮೌಲ್ಯಗಳು +i ಮತ್ತು −i. ಇದಕ್ಕೆ ಹೊಂದುವ ಗೆರೆಯನ್ನು ಯಾವ ಫಲಕದ ಮೇಲೂ ಹುಡುಕಲಾಗದು. i ಅನ್ನೇ ಕಿತ್ತುಹಾಕಿ, −1 ಮತ್ತು 1 ಎಂಬ ವಾಸ್ತವ ಸಂಖ್ಯೆಗಳನ್ನು ಆ ಎರಡು ಜಾಗಗಳಲ್ಲಿಟ್ಟರೂ ಗುಣಲಬ್ಧ −1. ಮತ್ತೆ ಐಗನ್ ಮೌಲ್ಯಗಳು +i, −i. ಅಂದರೆ ಚೌಕದಲ್ಲಿ i ಇದೆಯೋ ಇಲ್ಲವೋ ಎಂಬುದು ಮುಖ್ಯವೇ ಅಲ್ಲ. ಬರೀ ವಾಸ್ತವ ಸಂಖ್ಯೆಗಳ ಚೌಕ ಕಾಲ್ಪನಿಕ ಉತ್ತರ ಕೊಡಬಹುದು, i ತುಂಬಿದ ಚೌಕ ವಾಸ್ತವ ಉತ್ತರ ಕೊಡಬಹುದು. ಮುಖ್ಯವಾದದ್ದು ಆ ಎರಡು ಎದುರುಬದುರು ಸಂಖ್ಯೆಗಳ ಸಂಬಂಧ. ಪೌಲಿಯ ಚೌಕವನ್ನು ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಹೋಗುವ ಕರ್ಣದ ಉದ್ದಕ್ಕೂ ಕಾಗದದಂತೆ ಮಡಿಸಿದರೆ −i ಹೋಗಿ iಯ ಮೇಲೆ ಕೂರುತ್ತದೆ. ಒಂದರಲ್ಲಿ iಯ ಚಿಹ್ನೆ ಬದಲಿಸಿದರೆ ಇನ್ನೊಂದು ಸಿಗುತ್ತದೆ. ಗಣಿತದಲ್ಲಿ ಇಂಥ ಎರಡು ಸಂಖ್ಯೆಗಳನ್ನು ಪರಸ್ಪರ ಸಂಯುಗ್ಮಿಗಳು ಎನ್ನುತ್ತಾರೆ; zನ ಸಂಯುಗ್ಮಿಯನ್ನು z* ಎಂದು ಬರೆಯುತ್ತಾರೆ. 3 + 2iಯ ಸಂಯುಗ್ಮಿ 3 − 2i. ಮಡಿಸಿದಾಗ ಪ್ರತಿ ಸಂಖ್ಯೆಯೂ ತನ್ನ ಸಂಯುಗ್ಮಿಯ ಮೇಲೆಯೇ ಬೀಳುವ ಚೌಕಕ್ಕೆ ಹರ್ಮಿಟಿಯನ್ ಎಂದು ಹೆಸರು. ಕರ್ಣದ ಮೇಲಿರುವ ಸಂಖ್ಯೆಗಳು ಮಡಿಸಿದಾಗ ಇದ್ದಲ್ಲೇ ಇರುವುದರಿಂದ ಅವು ತಮಗೆ ತಾವೇ ಸಂಯುಗ್ಮಿಗಳಾಗಬೇಕು, ಅಂದರೆ ವಾಸ್ತವವಾಗಿರಬೇಕು.

ಈ ನಿಯಮವನ್ನು ಪ್ರಕೃತಿ ಏಕೆ ಪಾಲಿಸಬೇಕು? ಇದಕ್ಕೆ ಉತ್ತರ ಸರಾಸರಿಯಲ್ಲಿದೆ. ಒಂದೇ ಸ್ಥಿತಿಯಲ್ಲಿರುವ ಸಾವಿರ ಪರಮಾಣುಗಳನ್ನು ಅಳೆದಾಗ 800 ಮೇಲಕ್ಕೂ 200 ಕೆಳಕ್ಕೂ ಹೋದರೆ ಸರಾಸರಿ 0.6. ಫಲಗಳು ವಾಸ್ತವವಾದರೆ ಸರಾಸರಿಯೂ ವಾಸ್ತವವೇ. ಅದು ಯಾವ ಸ್ಥಿತಿಯ ಪರಮಾಣುಗಳಿಗಾದರೂ ಸರಿ. ಕ್ವಾಂಟಮ್ ಲೆಕ್ಕದಲ್ಲಿ ಈ ಸರಾಸರಿ ತೆಗೆಯುವ ವಿಧಾನ ಹೀಗಿದೆ. ಚೌಕದ ನಾಲ್ಕು ಸಂಖ್ಯೆಗಳನ್ನು, ಮೇಲಿನ ಸಾಲಿನಲ್ಲಿ a, b, ಕೆಳಗಿನ ಸಾಲಿನಲ್ಲಿ c, d ಎನ್ನೋಣ. ಸ್ಥಿತಿ (p, q) ಆದರೆ ಸರಾಸರಿಗೆ ನಾಲ್ಕು ಪದಗಳು: p*ap, p*bq, q*cp, q*dq. ಇವನ್ನು ಕೂಡಬೇಕು.

ನಾಲ್ಕು ಬೇರೆ ಬೇರೆ ಧಾರೆಗಳನ್ನು ತಯಾರಿಸಿ ಪರೀಕ್ಷೆ ಮಾಡಬಹುದು. ಮೊದಲನೆಯದು ಬರೀ ಮೇಲಿನ ಗೆರೆಯ ಪರಮಾಣುಗಳದು, (1, 0). ಅದರ ಸರಾಸರಿ ನೇರವಾಗಿ a. ಅದು ವಾಸ್ತವವಾಗಿರಬೇಕು. ಎರಡನೆಯದು ಕೆಳಗಿನ ಗೆರೆಯದು, (0, 1). ಅದರ ಸರಾಸರಿ d. ಅದೂ ವಾಸ್ತವ. ಮೂರನೆಯದು ಅಡ್ಡ ದಿಕ್ಕಿನ ಧಾರೆ, (1, 1). ಇಲ್ಲಿ a, dಗಳ ಜೊತೆ b + c ಸೇರುತ್ತದೆ. ಮೊತ್ತ ವಾಸ್ತವವಾಗಬೇಕಾದರೆ bಯಲ್ಲಿರುವ i ಭಾಗ ಮತ್ತು cಯಲ್ಲಿರುವ i ಭಾಗ ಒಂದನ್ನೊಂದು ಅಳಿಸಿಹಾಕಬೇಕು: ಒಂದರಲ್ಲಿ +2i ಇದ್ದರೆ ಇನ್ನೊಂದರಲ್ಲಿ −2i ಇರಬೇಕು. ನಾಲ್ಕನೆಯದು ಹಿಂದೆ-ಮುಂದೆ ದಿಕ್ಕಿನ ಧಾರೆ, (1, i). ಇಲ್ಲಿ ಸೇರುವುದು i × (b − c). ಇದು ವಾಸ್ತವವಾಗಬೇಕಾದರೆ b − c ಶುದ್ಧ ಕಾಲ್ಪನಿಕವಾಗಿರಬೇಕು, ಅಂದರೆ b ಮತ್ತು cಯ ವಾಸ್ತವ ಭಾಗಗಳು ಒಂದೇ ಆಗಿರಬೇಕು. ಮೂರನೆಯ ಮತ್ತು ನಾಲ್ಕನೆಯ ಷರತ್ತುಗಳನ್ನು ಸೇರಿಸಿ ಓದಿದರೆ b ಮತ್ತು c ಪರಸ್ಪರ ಸಂಯುಗ್ಮಿಗಳು.

ಹರ್ಮಿಟಿಯನ್ ಎಂಬ ನಿಯಮ ಇಷ್ಟೇ. ಯಾರೂ ಅದನ್ನು ಹೇರಲಿಲ್ಲ. ನಾಲ್ಕು ಧಾರೆಗಳನ್ನು ಅಳೆದು, ನಾಲ್ಕರ ಸರಾಸರಿಯೂ ವಾಸ್ತವ ಸಂಖ್ಯೆಯಾಗಿರಬೇಕು ಎಂದು ಕೇಳಿದ್ದೇ ತಡ, ಚೌಕದ ನಾಲ್ಕೂ ಸಂಖ್ಯೆಗಳು ಆ ಕಟ್ಟಿಗೆ ಬಂದುಬಿಟ್ಟವು. ಚೌಕ ಎರಡಕ್ಕೆರಡು ಇರಲಿ, ಇನ್ನೂರಕ್ಕೆ ಇನ್ನೂರು ಇರಲಿ, ಎದುರುಬದುರಿನ ಪ್ರತಿ ಜೋಡಿಗೂ ಇದೇ ವಾದ ಸಲ್ಲುತ್ತದೆ.

ತಿರುಗಿಸಿ ನೋಡಿದರೂ ಇದು ನಿಲ್ಲುತ್ತದೆ. ಚೌಕ ಹರ್ಮಿಟಿಯನ್ ಆಗಿದ್ದರೆ p*bq ಎಂಬ ಪದದ ಸಂಯುಗ್ಮಿಯೇ q*cp. ಒಂದು ಸಂಖ್ಯೆಗೆ ಅದರ ಸಂಯುಗ್ಮಿಯನ್ನು ಕೂಡಿದರೆ i ಉಳಿಯುವುದಿಲ್ಲ. 3 + 2iಗೆ 3 − 2i ಕೂಡಿದರೆ 6. ಲೆಕ್ಕದ ನಡುವೆ ಎಲ್ಲೆಲ್ಲೂ ಇದ್ದ i ಕೊನೆಯಲ್ಲಿ ಮಾಯವಾಗುವುದು ಈ ಒಂದು ಕೂಡಿಕೆಯಲ್ಲಿ. ಅಲ್ಲಿಂದ ಐಗನ್ ಮೌಲ್ಯಕ್ಕೆ ಒಂದೇ ಹೆಜ್ಜೆ. ಪರಮಾಣು ಐಗನ್ ಸ್ಥಿತಿಯಲ್ಲಿದ್ದರೆ ಪ್ರತಿ ಸಲವೂ ಒಂದೇ ಫಲ ಬರುತ್ತದೆ, ಆದ್ದರಿಂದ ಸರಾಸರಿಯೂ ಆ ಫಲವೇ, ಅಂದರೆ ಐಗನ್ ಮೌಲ್ಯವೇ. ಸರಾಸರಿ ವಾಸ್ತವ ಎಂದು ಆಗಲೇ ತೋರಿಸಿದ್ದಾಗಿದೆ. ಹಾಗಾಗಿ ಐಗನ್ ಮೌಲ್ಯವೂ ವಾಸ್ತವ. ಸಾಧನೆ ಮುಗಿಯಿತು.

ಇಲ್ಲಿ ಚುರುಕಾದ ಓದುಗರಿಗೆ ಒಂದು ಆಕ್ಷೇಪ ಹೊಳೆಯುತ್ತದೆ. ಬೇಕಾದದ್ದು ವಾಸ್ತವ ಐಗನ್ ಮೌಲ್ಯ ಮಾತ್ರ ತಾನೇ? ಹರ್ಮಿಟಿಯನ್ ಅಲ್ಲದ, ಆದರೂ ವಾಸ್ತವ ಐಗನ್ ಮೌಲ್ಯ ಕೊಡುವ ಚೌಕಗಳೂ ಇವೆಯಲ್ಲ, ಅವು ಏಕೆ ಆಗಬಾರದು? ಒಂದು ಉದಾಹರಣೆ:

```
1   1
0   2
```

ಇದರ ಐಗನ್ ಮೌಲ್ಯಗಳು 1 ಮತ್ತು 2. ನೋಡಲು ಯಾವ ದೋಷವೂ ಇಲ್ಲ. ಮಡಿಸಿದಾಗ ಮಾತ್ರ 1 ಹೋಗಿ 0ಯ ಮೇಲೆ ಬೀಳುತ್ತದೆ, ಆದ್ದರಿಂದ ಇದು ಹರ್ಮಿಟಿಯನ್ ಅಲ್ಲ. ಒಂದು ಉಪಕರಣದ ಫಲಗಳು 1 ಮತ್ತು 2 ಎಂದೂ ಅದನ್ನು ಈ ಚೌಕ ಪ್ರತಿನಿಧಿಸುತ್ತದೆ ಎಂದೂ ಇಟ್ಟುಕೊಂಡು (1, i) ಧಾರೆಯನ್ನು ಅದರೊಳಕ್ಕೆ ಕಳಿಸೋಣ. ಸೂತ್ರದ ಪ್ರಕಾರ ಸರಾಸರಿ 1.5 + 0.5i ಬರುತ್ತದೆ. ಬರೀ 1 ಮತ್ತು 2 ತೋರಿಸುವ ಉಪಕರಣದ ಸರಾಸರಿಯಲ್ಲಿ i ಎಲ್ಲಿಂದ ಬಂತು? ಎಷ್ಟು ಒಂದುಗಳನ್ನು, ಎಷ್ಟು ಎರಡುಗಳನ್ನು ಕೂಡಿದರೂ ಅದು ಬರಲು ಸಾಧ್ಯವಿಲ್ಲ.

ತಪ್ಪು ಎಲ್ಲಿದೆಯೆಂದು ಹುಡುಕಿದರೆ ಅದು ಐಗನ್ ಸ್ಥಿತಿಗಳಲ್ಲಿ ಸಿಕ್ಕಿಬೀಳುತ್ತದೆ. ಈ ಚೌಕದಲ್ಲಿ 1 ಎಂಬ ಫಲದ ಸ್ಥಿತಿ (1, 0), 2 ಎಂಬ ಫಲದ ಸ್ಥಿತಿ (1, 1). ಆದರೆ (1, 1) ಸ್ಥಿತಿಯ ಪರಮಾಣುವನ್ನು (1, 0) ಸ್ಥಿತಿಯಲ್ಲಿ ಕಾಣುವ ಸಂಭವನೀಯತೆ ಅರ್ಧ. ಅಂದರೆ ಖಚಿತವಾಗಿ 2 ಕೊಡಬೇಕಾದ ಪರಮಾಣು ಅರ್ಧ ಸಲ 1ರ ಸ್ಥಿತಿಯಲ್ಲಿ ಸಿಗುತ್ತದೆ. ಇದು ಅಳತೆಯೇ ಅಲ್ಲ. ಬೆಳ್ಳಿಯ ಫಲಕದ ಮೇಲೆ ಒಂದೇ ಪರಮಾಣು ಮೇಲಿನ ಗೆರೆಗೂ ಸೇರಿ ಕೆಳಗಿನ ಗೆರೆಗೂ ಸೇರಿದಂತಾಯಿತು.

ಒಂದು ಫಲ ಬಂದರೆ ಇನ್ನೊಂದು ಬರಕೂಡದು ಎಂಬುದು ಅಳತೆಗೆ ಇರಬೇಕಾದ ಮೂಲ ಗುಣ. ಜೋಡಿಗಳ ಭಾಷೆಯಲ್ಲಿ ಇದರ ಅರ್ಥ, ಬೇರೆ ಬೇರೆ ಫಲಗಳ ಸ್ಥಿತಿಗಳು ಒಂದಕ್ಕೊಂದು ಲಂಬವಾಗಿರಬೇಕು. ಹರ್ಮಿಟಿಯನ್ ಚೌಕ ಇದನ್ನೂ ತಾನಾಗಿಯೇ ಒದಗಿಸುತ್ತದೆ, ಕಾರಣವೂ ಮೇಲಿನದೇ. ಎರಡು ಐಗನ್ ಸ್ಥಿತಿಗಳ ನಡುವೆ ಆ ಚೌಕವನ್ನಿಟ್ಟು ಲೆಕ್ಕ ಮಾಡಿದರೆ, ಬಲಗಡೆಯ ಸ್ಥಿತಿಯ ಮೇಲೆ ಅದನ್ನು ಪ್ರಯೋಗಿಸಿದಾಗ ಒಂದು ಐಗನ್ ಮೌಲ್ಯ ಹೊರಬರುತ್ತದೆ, ಎಡಗಡೆಯದರ ಮೇಲೆ ಪ್ರಯೋಗಿಸಿದಾಗ ಇನ್ನೊಂದು. ಹರ್ಮಿಟಿಯನ್ ಆದ್ದರಿಂದ ಎರಡೂ ಲೆಕ್ಕಗಳ ಉತ್ತರ ಒಂದೇ ಆಗಬೇಕು. ಎರಡು ಬೇರೆ ಸಂಖ್ಯೆಗಳಿಂದ ಒಂದೇ ರಾಶಿಯನ್ನು ಗುಣಿಸಿದಾಗ ಒಂದೇ ಉತ್ತರ ಬರುವುದು ಆ ರಾಶಿ ಸೊನ್ನೆಯಾಗಿದ್ದರೆ ಮಾತ್ರ. ಆ ರಾಶಿಯೇ ಎರಡು ಸ್ಥಿತಿಗಳ ನಡುವಿನ ಅತಿವ್ಯಾಪ್ತಿ. ಪೌಲಿಯ ಚೌಕದಲ್ಲಿ ಇದನ್ನು ಕೈಯಾರೆ ಪರೀಕ್ಷಿಸಬಹುದು. (1, i) ಮತ್ತು (1, −i)ಗಳ ಅತಿವ್ಯಾಪ್ತಿ ತೆಗೆಯುವಾಗ ಮೊದಲನೆಯ ಜೋಡಿಯ ಸಂಯುಗ್ಮಿ ಹಿಡಿಯಬೇಕು: 1 × 1 ಕೂಡಿಸು (−i) × (−i), ಅಂದರೆ 1 − 1, ಸೊನ್ನೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಸಂಯುಗ್ಮಿ ಹಿಡಿಯಲು ಮರೆತರೆ ಉತ್ತರ 2 ಬಂದು, ಲಂಬವಾದ ಎರಡು ಸ್ಥಿತಿಗಳು ಲಂಬವಲ್ಲವೆಂದು ತೋರುತ್ತದೆ.

ವಾಸ್ತವ ಫಲಗಳು, ಪರಸ್ಪರ ಹೊರಗಿಡುವ ಫಲಗಳು ಎಂಬ ಎರಡೂ ಬೇಡಿಕೆಗಳು ಒಟ್ಟಿಗೆ ಬಂದಾಗ ಹರ್ಮಿಟಿಯನ್ ಬಿಟ್ಟು ಬೇರೆ ದಾರಿಯಿಲ್ಲ. ಪಠ್ಯಪುಸ್ತಕಗಳು ಮೊದಲನೆಯದನ್ನೇ ಎತ್ತಿ ಹೇಳುತ್ತವೆ. ತೂಕ ಹೆಚ್ಚಿರುವುದು ಎರಡನೆಯದಕ್ಕೆ. ಏಕೆಂದರೆ ಗೆರೆಗಳಿಗೆ ಯಾವ ಸಂಖ್ಯೆಯ ಚೀಟಿ ಅಂಟಿಸಬೇಕೆಂಬುದು ಸ್ವಲ್ಪಮಟ್ಟಿಗೆ ಮನುಷ್ಯರ ಕೈಯಲ್ಲಿದೆ. ಗೆರೆಗಳು ಒಂದರಿಂದೊಂದು ಬೇರೆಯಾಗಿ ನಿಲ್ಲುವುದು ಹಾಗಲ್ಲ.

ಈ ಗಣಿತ ಭೌತಶಾಸ್ತ್ರಕ್ಕಿಂತ ಹಳೆಯದು. ಫ್ರಾನ್ಸಿನ ಗಣಿತಜ್ಞ ಷಾರ್ಲ್ ಎರ್ಮೀಟ್ ಇಂಥ ಚೌಕಗಳ ಐಗನ್ ಮೌಲ್ಯಗಳು ಸದಾ ವಾಸ್ತವವೆಂದು 1855ರಲ್ಲೇ ತೋರಿಸಿದ್ದರು. ಆಗ ಎಲೆಕ್ಟ್ರಾನ್ ಕೂಡ ಪತ್ತೆಯಾಗಿರಲಿಲ್ಲ. 1901ರಲ್ಲಿ ಅವರು ತೀರಿಕೊಳ್ಳುವವರೆಗೂ ಅದಕ್ಕೆ ಪರಮಾಣುವಿನ ಜೊತೆ ಸಂಬಂಧವಿದೆಯೆಂದು ಯಾರಿಗೂ ತಿಳಿದಿರಲಿಲ್ಲ. 1925ರ ಬೇಸಿಗೆಯಲ್ಲಿ ವರ್ನರ್ ಹೈಸನ್‌ಬರ್ಗ್, ಪರಮಾಣು ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುವ ಪ್ರತಿ ಜಿಗಿತಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ದೊಡ್ಡ ಪಟ್ಟಿಗಳನ್ನು ಒಂದಕ್ಕೊಂದು ಗುಣಿಸುವ ವಿಚಿತ್ರ ನಿಯಮವನ್ನು ಕಂಡುಕೊಂಡರು. ಅವು ಮ್ಯಾಟ್ರಿಕ್ಸ್‌ಗಳೆಂದು ಅವರಿಗೆ ಗೊತ್ತಿರಲಿಲ್ಲ. ಗುರುತಿಸಿದವರು ಗಟಿಂಗನ್‌ನಲ್ಲಿ ಅವರ ಹಿರಿಯರಾಗಿದ್ದ ಮ್ಯಾಕ್ಸ್ ಬಾರ್ನ್. ಅವರು ವಿದ್ಯಾರ್ಥಿಯಾಗಿದ್ದಾಗ ಬ್ರೆಸ್ಲಾವ್‌ನಲ್ಲಿ ಯಾಕೋಬ್ ರೊಸಾನೆಸ್ ಅವರ ಪಾಠಗಳಲ್ಲಿ ಮ್ಯಾಟ್ರಿಕ್ಸ್ ಕಲಿತಿದ್ದರು. ಪಟ್ಟಿಯಲ್ಲಿ ಮೂರರಿಂದ ಎರಡಕ್ಕೆ ಇಳಿಯುವ ಜಿಗಿತ ಒಂದು ಮನೆಯಲ್ಲಿದ್ದರೆ ಎರಡರಿಂದ ಮೂರಕ್ಕೆ ಏರುವುದು ಕರ್ಣದ ಆಚೆಬದಿಯ ಮನೆಯಲ್ಲಿರುತ್ತದೆ. ಎರಡೂ ಒಂದೇ ಆಂದೋಲನದ ಎದುರು ದಿಕ್ಕುಗಳು, ಆದ್ದರಿಂದ ಸಂಯುಗ್ಮಿಗಳು. ಎಲೆಕ್ಟ್ರಾನಿನ ಸ್ಥಾನ ವಾಸ್ತವ ರಾಶಿ ಎಂಬ ಹಳೆಯ ತಿಳಿವಳಿಕೆಯೇ ಹೊಸ ಪಟ್ಟಿಗಳಿಗೆ ಹರ್ಮಿಟಿಯನ್ ಗುಣವಾಗಿ ಇಳಿದುಬಂತು.

ಸ್ಥಾನ, ಸಂವೇಗಗಳ ವಿಚಾರಕ್ಕೆ ಬಂದಾಗ ಚೌಕಗಳು ಎರಡಕ್ಕೆರಡು ಇರುವುದಿಲ್ಲ, ಅವಕ್ಕೆ ಕೊನೆಯೇ ಇಲ್ಲ. ಅಲ್ಲಿ ಮಡಿಸುವ ಪರೀಕ್ಷೆ ಸಾಲದು. ಒಂದು ಕಣ ಗೋಡೆಯ ಬಲಗಡೆಯಲ್ಲಿ ಮಾತ್ರ ಇರಬಲ್ಲದು, ಎಡಕ್ಕೆ ದಾಟಲಾರದು ಎಂದುಕೊಳ್ಳೋಣ. ಸಂವೇಗದ ಆಪರೇಟರ್ −iħ d/dx. ಗೋಡೆಯ ಬಳಿ ತರಂಗ ಸೊನ್ನೆಯಾಗಿರಬೇಕೆಂದು ಕಟ್ಟು ಹಾಕಿದರೆ ಮೇಲ್ನೋಟಕ್ಕೆ ಎಲ್ಲವೂ ಸರಿ, ಸರಾಸರಿಗಳೆಲ್ಲ ವಾಸ್ತವ. ಆದರೂ ಗೋಡೆಯಿಂದ ದೂರ ಹೋದಂತೆ e^(−x/L) ರೀತಿಯಲ್ಲಿ ಕುಗ್ಗುವ ತರಂಗವೊಂದು ಹಿನ್ನೆಲೆಯಲ್ಲಿ ಉಳಿದಿರುತ್ತದೆ. ಅದರ ಮೇಲೆ ಸಂವೇಗದ ಆಪರೇಟರ್ ಪ್ರಯೋಗಿಸಿದರೆ iħ/L ಎಂಬ ಕಾಲ್ಪನಿಕ ಸಂಖ್ಯೆ ಹೊರಬರುತ್ತದೆ. ಗೋಡೆಯ ಬಳಿ ಯಾವ ಕಟ್ಟು ಹಾಕಿದರೂ ಆಪರೇಟರಿನ ಎಡ-ಬಲ ರೂಪಗಳು ಪೂರ್ತಿ ಒಂದಾಗುವುದಿಲ್ಲ. ಹೀಗೆ ಪೂರ್ತಿ ಒಂದಾಗುವ ಆಪರೇಟರುಗಳನ್ನು ಸೆಲ್ಫ್-ಅಡ್ಜಾಯಿಂಟ್ ಎಂದು ಪ್ರತ್ಯೇಕಿಸಿ, ಅಳೆಯಬಹುದಾದ ರಾಶಿಗೆ ಅಂಥದ್ದೇ ಬೇಕೆಂದು ತೋರಿಸಿದವರು ಜಾನ್ ವಾನ್ ನಾಯ್ಮನ್. ಅವರ ಕ್ವಾಂಟಮ್ ಗಣಿತದ ಪುಸ್ತಕ 1932ರಲ್ಲಿ ಬಂತು. ಗೋಡೆಯಿರುವ ಕಣಕ್ಕೆ ಸಂವೇಗ ಸರಿಯಾದ ಅಳತೆಯ ರಾಶಿಯಲ್ಲ, ಏಕೆಂದರೆ ಅದನ್ನು ಎಡಕ್ಕೆ ಸರಿಸುತ್ತ ಹೋಗಲು ಜಾಗವಿಲ್ಲ. ಸಂವೇಗದ ವರ್ಗಕ್ಕೆ, ಅಂದರೆ ಚಲನ ಶಕ್ತಿಗೆ, ಈ ತೊಂದರೆಯಿಲ್ಲ.

ಇಷ್ಟಾದ ಮೇಲೂ ಭೌತವಿಜ್ಞಾನಿಗಳು ಸಂಕೀರ್ಣ ಶಕ್ತಿಯನ್ನು ಬರೆಯುವ ಒಂದು ಕಡೆ ಇದೆ. 1928ರಲ್ಲಿ ಜಾರ್ಜ್ ಗ್ಯಾಮೊ ಆಲ್ಫಾ ಕಣ ನ್ಯೂಕ್ಲಿಯಸ್‌ನಿಂದ ಸೋರಿಹೋಗುವುದನ್ನು ವಿವರಿಸುವಾಗ ಶಕ್ತಿಯನ್ನು E − iΓ/2 ಎಂಬ ರೂಪದಲ್ಲಿ ಹಿಡಿದರು. ಶಕ್ತಿಯಲ್ಲಿ ಹೀಗೆ i ಸೇರಿದರೆ ಕಣ ಒಳಗಿರುವ ಸಂಭವನೀಯತೆ ಕಾಲ ಕಳೆದಂತೆ ಕುಗ್ಗುತ್ತ ಹೋಗುತ್ತದೆ. ವಿಕಿರಣಶೀಲ ವಸ್ತುಗಳಲ್ಲಿ ಕಾಣುವುದೂ ಅದೇ: ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ, ಪೊಲೋನಿಯಂ-212ರದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಇಲ್ಲಿ ಮೇಲಿನ ಸಾಧನೆ ಸುಳ್ಳಾಗಲಿಲ್ಲ, ಅದರ ಒಂದು ಷರತ್ತು ಬಿಟ್ಟುಹೋಯಿತು. ಗ್ಯಾಮೊ ಅವರ ತರಂಗ ದೂರ ಹೋದಂತೆ ಬೆಳೆಯುತ್ತ ಹೋಗುತ್ತದೆ, ಅದರ ಸಂಭವನೀಯತೆಗಳನ್ನು ಕೂಡಿದರೆ 1 ಬರುವುದಿಲ್ಲ. ಆದ್ದರಿಂದ ಅದಕ್ಕೆ ಸರಾಸರಿ ತೆಗೆಯುವ ಮೊದಲ ಹೆಜ್ಜೆಯೇ ಸಾಗದು. ಒಳಗಿನ ಕಣವನ್ನೂ ಹೊರಹೋದ ಕಣವನ್ನೂ ಸೇರಿಸಿ ಬರೆದ ಪೂರ್ತಿ ವ್ಯವಸ್ಥೆಯ ಶಕ್ತಿ ಆಪರೇಟರ್ ಹರ್ಮಿಟಿಯನ್ ಆಗಿಯೇ ಇರುತ್ತದೆ.

ಆ ಸಂಕೀರ್ಣ ಸಂಖ್ಯೆಯನ್ನೂ ಉಪಕರಣಗಳು ಎರಡು ವಾಸ್ತವ ಸಂಖ್ಯೆಗಳಾಗಿಯೇ ಓದುತ್ತವೆ. ಜಿನೀವಾ ಬಳಿಯ ಸರ್ನ್‌ನಲ್ಲಿ, ಲೆಪ್ ಎಂಬ ಯಂತ್ರದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ Z ಬೋಸಾನ್ ಎಂಬ ಅಲ್ಪಾಯುಷಿ ಕಣವನ್ನು ಅಳೆದಾಗ, ಡಿಕ್ಕಿಯ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಪ್ರತಿ ಹಂತದಲ್ಲೂ ಎಷ್ಟು Z ಹುಟ್ಟಿದವೆಂದು ಎಣಿಸಿದರು. ಎಣಿಕೆಯ ರೇಖೆ ಒಂದು ಗುಡ್ಡದಂತೆ ಏರಿ ಇಳಿಯಿತು. ಗುಡ್ಡದ ತುದಿಯ ಜಾಗ ಸುಮಾರು 91.19 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅದು E. ಗುಡ್ಡದ ಅಗಲ ಸುಮಾರು 2.495 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅದು Γ. ಈ ಕಣ ಬದುಕುವ ಅವಧಿ ಯಾವ ಗಡಿಯಾರಕ್ಕೂ ಸಿಗದಷ್ಟು ಚಿಕ್ಕದು. ಅದನ್ನು ħ/Γ ಎಂದು ಆ ಅಗಲದಿಂದಲೇ ಲೆಕ್ಕ ಹಾಕುತ್ತಾರೆ.